ಯಾರನ್ನು ಕೇಳಿದರೂ ಹೇಳುತ್ತಾರೆ: ಲಗ್ನಪತ್ರಿಕೆಯ ವಿಳಾಸ ಕೇಳುವ ಬಗೆ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಲಗ್ನಕ್ಕೆ ಕರೆಯುವುದೆಂದರೆ ಇಂದಿಗೂ ಮನೆಗೆ ಹೋಗಿ, ಕುಂಕುಮ ಹಚ್ಚಿ, ಪತ್ರಿಕೆಯನ್ನು ಕೈಗೆ ಕೊಟ್ಟು ಕರೆಯುವುದೇ ಆಗಿದ್ದು, ಅಂಚೆಯಲ್ಲಿ ಬರುವ ಲಕೋಟೆಯು ಆ ಕರೆಗೆ ಪೂರಕವೇ ಹೊರತು ಅದರ ಬದಲಿಯಲ್ಲ ಎಂಬ ತಿಳಿವಳಿಕೆ ಎರಡೂ ಕಡೆಯವರಲ್ಲಿ ಇರುತ್ತದೆ. ಆದ್ದರಿಂದ ದೂರದ ಸಂಬಂಧಿಕರೊಬ್ಬರಿಗೆ ‘ನಿಮ್ಮ ವಿಳಾಸ ತಿಳಿಸಿ’ ಎಂದು ಮೊಬೈಲಿನಲ್ಲಿ ಕಳುಹಿಸುವ ಒಂದು ಸಾಲಿನ ಸಂದೇಶವು ಮೇಲ್ನೋಟಕ್ಕೆ ಮಾಹಿತಿಯನ್ನಷ್ಟೇ ಕೇಳುವಂತೆ ಕಂಡರೂ, ಓದುವವರಿಗೆ ಅದು ಕೇಳದೆಯೇ ಇನ್ನೆರಡು ಸಂಗತಿಗಳನ್ನು ಹೇಳಿಬಿಡುತ್ತದೆ: ಕೇಳುತ್ತಿರುವವರು ತಮ್ಮ ಮನೆಗೆ ಬಹಳ ದಿನಗಳಿಂದ ಬಂದಿಲ್ಲ ಎಂಬುದು ಒಂದು, ಈ ಬಾರಿಯೂ ಅವರು ಬರುವ ಲಕ್ಷಣವಿಲ್ಲ ಎಂಬುದು ಇನ್ನೊಂದು. ‘ಟಪಾಲಿಗೆ ಹಾಕಿ ಕೈ ತೊಳಕೊಂಡ್ರು’ ಎಂಬ ಮಾತು ಈ ಭಾಗದಲ್ಲಿ ಹುಟ್ಟುವುದು ಇಲ್ಲಿಂದಲೇ.

ಇಂಥ ಸಂದೇಶಕ್ಕೆ ಬರುವ ಉತ್ತರವೂ ಬಹುಮಟ್ಟಿಗೆ ಮೊದಲೇ ಗೊತ್ತಿರುವಂಥದ್ದು. ಅಣ್ಣಿಗೇರಿಯ ಒಂದು ಮನೆಯಲ್ಲಿ ಹಿರಿಯ ಮಗಳ ಲಗ್ನ ನಿಶ್ಚಯವಾಗಿದ್ದು, ಅವಳ ತಮ್ಮನು ಕುಂದಗೋಳ ತಾಲೂಕಿನ ಹಿರೇನರ್ತಿಯಲ್ಲಿರುವ, ತಾಯಿಗೆ ಚಿಕ್ಕಪ್ಪನ ಮಗನಾಗಬೇಕಾದ, ತಾನು ‘ಮಾಮಾ’ ಎಂದು ಕರೆಯುವ ಹಿರಿಯರಿಗೆ ‘ಮಾಮಾ, ನಿಮ್ಮ ಅಡ್ರೆಸ್ ಕಳಸ್ರಿ, ಲಗ್ನದ ಕಾರ್ಡ್ ಹಾಕಬೇಕು’ ಎಂದು ಬರೆದನೆಂದು ಉದಾಹರಣೆಗಾಗಿ ಭಾವಿಸಿದರೆ, ಅತ್ತ ಕಡೆಯಿಂದ ಬರುವ ಉತ್ತರ ಹೀಗಿರುತ್ತದೆ: ‘ಹಿರೇನರ್ತಿ, ಹನಮಪ್ಪನ ಗುಡಿ ಹಂತೇಕ. ಯಾರನ್ನ ಕೇಳಿದ್ರೂ ಹೇಳ್ತಾರ.’

ಈ ಉತ್ತರದಲ್ಲಿ ತಪ್ಪೇನೂ ಇಲ್ಲ, ಮತ್ತು ಹಿರೇನರ್ತಿಯ ಅಗಸಿಯೊಳಗೆ, ಅಂದರೆ ಊರಬಾಗಿಲಿನೊಳಗೆ, ಕಾಲಿಟ್ಟವರಿಗೆ ಅದು ಸಂಪೂರ್ಣವಾದ ವಿಳಾಸವೇ ಆಗಿದೆ. ಆದರೆ ಆ ವಿಳಾಸವು ಕೆಲಸ ಮಾಡಬೇಕಾದರೆ ಪತ್ರಿಕೆಯನ್ನು ಒಯ್ಯುವವನು ಊರೊಳಗೆ ನಿಂತು ಬಾಯಿಬಿಟ್ಟು ಕೇಳುವ ಮನುಷ್ಯನಾಗಿರಬೇಕು. ಲಕೋಟೆಯು ಊರಿನ ಅಗಸಿಯವರೆಗೆ ತಲುಪುವ ಮೊದಲು ಅದನ್ನು ಮುಟ್ಟುವ ಕೈಗಳು ಯಾರನ್ನೂ ಕೇಳುವುದಿಲ್ಲ, ಬರೆದದ್ದನ್ನು ಓದಿ ವಿಂಗಡಿಸುತ್ತವೆ ಅಷ್ಟೆ. ವಿಳಾಸ ಕೇಳುವ ಸಂದೇಶದ ತೊಡಕೆಲ್ಲ ಇರುವುದು ಇಲ್ಲಿಯೇ: ಒಂದೇ ಮನೆಗೆ ಅಂಚೆಯವನಿಗೊಂದು, ಕೊರಿಯರ್ ಹುಡುಗನಿಗೊಂದು, ಬೈಕಿನ ಮೇಲೆ ಕರೆಯಲು ಬರುವ ಬಂಧುವಿಗೊಂದು ಎಂದು ಮೂರು ವಿಳಾಸಗಳಿರುತ್ತವೆ, ಮತ್ತು ‘ಅಡ್ರೆಸ್ ಕಳಸ್ರಿ’ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಮೂರನೆಯದು ಮಾತ್ರ ಉತ್ತರವಾಗಿ ಬರುತ್ತದೆ.

ಮೊದಲು ಅಂಚೆಯ ವಿಳಾಸವನ್ನು ನೋಡಬಹುದು. ಮುಂಬಯಿಯ ಆಡಳಿತದಲ್ಲಿ 1956ರವರೆಗೆ ಇದ್ದ ಈ ಜಿಲ್ಲೆಯಲ್ಲಿ ಹಿರಿಯರು ಊರಿನ ಹೆಸರಿನ ಹಿಂದೆ ಇಂದಿಗೂ ‘ಮು.ಪೋ.’ ಎಂದು ಬರೆಯುತ್ತಾರೆ. ಇದು ‘ಮುಕ್ಕಾಂ ಪೋಸ್ಟ್’ ಎಂಬುದರ ಸಂಕ್ಷೇಪವಾಗಿದ್ದು, ಮುಕ್ಕಾಂ ಎಂದರೆ ವ್ಯಕ್ತಿಯು ವಾಸವಾಗಿರುವ ಊರು, ಪೋಸ್ಟ್ ಎಂದರೆ ಆ ಊರಿಗೆ ಟಪಾಲು ಹಂಚುವ ಅಂಚೆ ಕಚೇರಿ ಇರುವ ಊರು ಎಂದು ಅರ್ಥ. ಎರಡೂ ಒಂದೇ ಆಗಿದ್ದಾಗ ಮಾತ್ರ ‘ಮು.ಪೋ.’ ಎಂದು ಕೂಡಿಸಿ ಬರೆಯಬೇಕು, ಬೇರೆಯಾಗಿದ್ದರೆ ‘ಮು.’ ಎಂದು ಒಂದು ಊರನ್ನೂ ‘ಪೋ.’ ಎಂದು ಇನ್ನೊಂದು ಊರನ್ನೂ ಬರೆಯಬೇಕು ಎಂಬ ಭೇದವು ಕ್ರಮೇಣ ಮರೆತುಹೋಗಿ, ಈಗ ಅದನ್ನು ಎಲ್ಲ ಊರುಗಳ ಹಿಂದೆಯೂ ಶೋಭೆಗಾಗಿ ಎಂಬಂತೆ ಹಚ್ಚಲಾಗುತ್ತದೆ. ಸಣ್ಣ ಊರುಗಳಲ್ಲಿ ಅಂಚೆ ಕಚೇರಿ ಇಲ್ಲದಿರುವುದು ಸಾಮಾನ್ಯ. ಅಂಥ ಊರಿಗೆ ನೆರೆಯ ಊರಿನ ಶಾಖಾ ಅಂಚೆ ಕಚೇರಿಯಿಂದ ಟಪಾಲು ಬರುತ್ತದೆ. ಶಾಖಾ ಕಚೇರಿಗಳು ಒಂದು ಉಪ ಅಂಚೆ ಕಚೇರಿಯ ಕೆಳಗೆ ಬರುತ್ತವೆ ಮತ್ತು ಅದರ ಪಿನ್ ಸಂಖ್ಯೆಯನ್ನೇ ಹಂಚಿಕೊಳ್ಳುತ್ತವೆ. ಹೀಗಾಗಿ ಪಿನ್ ಸರಿಯಿದ್ದ ಮಾತ್ರಕ್ಕೆ ಲಕೋಟೆಯು ಉಪ ಕಚೇರಿಯವರೆಗೆ ಬರುವುದು ಖಚಿತವೇ ಹೊರತು, ಅಲ್ಲಿಂದ ಯಾವ ಹಳ್ಳಿಯ ಚೀಲಕ್ಕೆ ಬೀಳಬೇಕೆಂಬುದನ್ನು ನಿರ್ಧರಿಸುವುದು ‘ಪೋ.’ ಎಂಬುದರ ಮುಂದಿರುವ ಹೆಸರು.

ಆರು ಅಂಕಿಗಳ ಪಿನ್ ಸಂಖ್ಯೆ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಅದರ ಮೊದಲ ಅಂಕಿ ದೇಶದ ಒಂದು ವಲಯವನ್ನೂ, ಮೊದಲ ಮೂರು ಅಂಕಿಗಳು ಕೂಡಿ ಟಪಾಲು ವಿಂಗಡಣೆಯ ಜಿಲ್ಲೆಯನ್ನೂ, ಉಳಿದ ಮೂರು ಅಂಕಿಗಳು ವಿತರಣೆ ಮಾಡುವ ಕಚೇರಿಯನ್ನೂ ಸೂಚಿಸುತ್ತವೆ. ಇಲ್ಲಿ ‘ವಿಂಗಡಣೆಯ ಜಿಲ್ಲೆ’ ಎಂದರೆ ಜಿಲ್ಲಾಧಿಕಾರಿಗಳ ಜಿಲ್ಲೆಯಲ್ಲ ಎಂಬುದನ್ನು ಧಾರವಾಡದವರು ವಿಶೇಷವಾಗಿ ನೆನಪಿಡಬೇಕಾಗಿದೆ, ಏಕೆಂದರೆ ಧಾರವಾಡ ನಗರದ ಸಂಖ್ಯೆ 580001 ಆಗಿರುವುದರಿಂದ ಜಿಲ್ಲೆಯ ಎಲ್ಲ ಊರುಗಳೂ 580ರಿಂದಲೇ ಆರಂಭವಾಗುತ್ತವೆಂದು ಊಹಿಸಿ ಬರೆಯುವವರು ಬಹಳ. ವಾಸ್ತವವಾಗಿ ಕುಂದಗೋಳದ್ದು 581113, ಕಲಘಟಗಿಯದು 581204, ಅಣ್ಣಿಗೇರಿಯದು 582201, ನವಲಗುಂದದ್ದು 582208. ಈ ಸಂಖ್ಯೆಗಳನ್ನು ಹಂಚಿದಾಗ ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾಗಿರಲಿಲ್ಲ. 1997ರಲ್ಲಿ ಅವು ಧಾರವಾಡದಿಂದ ಬೇರೆಯಾದರೂ ಪಿನ್ ಸಂಖ್ಯೆಗಳು ಹಾಗೆಯೇ ಉಳಿದವು, ಆದ್ದರಿಂದ ಅಣ್ಣಿಗೇರಿ ಮತ್ತು ನವಲಗುಂದಗಳು ಕಂದಾಯದ ಲೆಕ್ಕದಲ್ಲಿ ಧಾರವಾಡದವಾಗಿದ್ದರೂ ಅಂಚೆಯ ಲೆಕ್ಕದಲ್ಲಿ ಗದಗಿನ 582ರ ಬಳಗದಲ್ಲಿವೆ.

ಇದರ ಒಂದು ಪರಿಣಾಮವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನವಲಗುಂದದ ಪಿನ್ 582208 ಆದರೆ ನರಗುಂದದ್ದು 582207. ಹೆಸರಿನಲ್ಲಿ ಅಕ್ಷರವೆರಡರ ವ್ಯತ್ಯಾಸ, ಸಂಖ್ಯೆಯಲ್ಲಿ ಒಂದೇ ಅಂಕಿಯ ವ್ಯತ್ಯಾಸ, ಜಿಲ್ಲೆ ಮಾತ್ರ ಬೇರೆ: ನರಗುಂದ ಈಗ ಗದಗ ಜಿಲ್ಲೆಯಲ್ಲಿದೆ. ಅವಸರದ ಕೈಬರಹದಲ್ಲಿ 7 ಮತ್ತು 8 ಕಲೆಸಿದರೆ, ಅದರ ಜೊತೆಗೆ ಹಳೆಯ ರೂಢಿಯಂತೆ ನರಗುಂದಕ್ಕೂ ‘ಜಿ. ಧಾರವಾಡ’ ಎಂದೇ ಬರೆದಿದ್ದರೆ, ಲಕೋಟೆಯು ಒಂದೆರಡು ದಿನ ಸುತ್ತಿ ಬರುವುದರಲ್ಲಿ ಆಶ್ಚರ್ಯವಿಲ್ಲ. ತಾಲೂಕಿನ ಹೆಸರಿನಲ್ಲಿಯೂ ಇದೇ ಬಗೆಯ ಹಳಸಲು ಉಳಿದಿದೆ; ಅಣ್ಣಿಗೇರಿಯು ನವಲಗುಂದದಿಂದ ಬೇರೆಯಾಗಿ ತಾಲೂಕಾದದ್ದು ಕಳೆದ ದಶಕದ ಕೊನೆಯಲ್ಲಾದ್ದರಿಂದ, ಆ ಭಾಗದ ಹಳ್ಳಿಗಳವರ ಹಳೆಯ ಕಾಗದಪತ್ರಗಳಲ್ಲೆಲ್ಲ ‘ತಾ. ನವಲಗುಂದ’ ಎಂದೇ ಇದೆ.

ಊರಿನ ಹೆಸರುಗಳು ಇನ್ನೊಂದು ಬಗೆಯ ಎಚ್ಚರವನ್ನು ಬೇಡುತ್ತವೆ. ಹಿರೇನರ್ತಿಯ ಜೊತೆಗೆ ಚಿಕ್ಕನರ್ತಿ ಇದೆ, ಅದೇ ಕುಂದಗೋಳ ತಾಲೂಕಿನಲ್ಲಿ ಹಿರೇಗುಂಜಳದ ಜೊತೆಗೆ ಚಿಕ್ಕಗುಂಜಳವೂ ಇದೆ. ಮಾತಿನಲ್ಲಿ ಜನ ಬರೀ ‘ನರ್ತಿ’, ‘ಗುಂಜಳ’ ಎಂದುಬಿಡುತ್ತಾರೆ. ಹುಬ್ಬಳ್ಳಿ ತಾಲೂಕಿನಲ್ಲಿ ಕುಸುಗಲ್ಲ ಇದ್ದರೆ ನವಲಗುಂದ ತಾಲೂಕಿನಲ್ಲಿ ಹಾಳಕುಸುಗಲ್ಲ ಇದೆ, ನವಲಗುಂದದ ಕಡೆ ಹೆಬ್ಬಾಳ ಇದ್ದರೆ ಧಾರವಾಡ ತಾಲೂಕಿನಲ್ಲಿ ಹೆಬ್ಬಳ್ಳಿ ಇದೆ, ಕಲಘಟಗಿ ತಾಲೂಕಿನಲ್ಲಿ ಹಿರೇಹೊನ್ನಳ್ಳಿ ಮತ್ತು ತಬಕದಹೊನ್ನಳ್ಳಿಗಳೆರಡೂ ಇವೆ. ಇಂಗ್ಲಿಷಿನಲ್ಲಿ ಬರೆದಾಗ ಹೆಬ್ಬಾಳ ಮತ್ತು ಹೆಬ್ಬಳ್ಳಿಗಳ ನಡುವಿನ ಅಂತರ ಇನ್ನೂ ಕಿರಿದಾಗುವುದರಿಂದ, ಪುಣೆ ಅಥವಾ ಮುಂಬಯಿಯಿಂದ ಬರುವ ಲಕೋಟೆಗಳ ಮೇಲೆ ಕನ್ನಡದಲ್ಲಿಯೂ ಊರಿನ ಹೆಸರಿರುವುದು ಕೊನೆಯ ಹಂತದಲ್ಲಿ ಉಪಕಾರಿಯಾಗುತ್ತದೆ.

ಊರು ಸಿಕ್ಕ ಮೇಲೆ ಅಂಚೆಯವನಿಗೆ ಬೇಕಾಗುವುದು ಗುರುತಲ್ಲ, ಹೆಸರು. ಹಳ್ಳಿಯ ಶಾಖಾ ಕಚೇರಿಯಿಂದ ಟಪಾಲು ಹಂಚುವ ಗ್ರಾಮೀಣ ಡಾಕ್ ಸೇವಕರು ಅದೇ ಊರಿನಲ್ಲೋ ಹತ್ತಿರದಲ್ಲೋ ವಾಸವಾಗಿರುವವರಾದ್ದರಿಂದ ಅವರಿಗೆ ಹನಮಪ್ಪನ ಗುಡಿ ಎಲ್ಲಿದೆಯೆಂದು ತಿಳಿಸುವುದು ಅನವಶ್ಯಕ. ಆದರೆ ಒಂದೇ ಹೆಸರಿನ, ಒಂದೇ ಅಡ್ಡಹೆಸರಿನ ಹಲವರಲ್ಲಿ ಇವನು ಯಾರೆಂಬುದು ಅವರಿಗೂ ಲಕೋಟೆಯಿಂದಲೇ ತಿಳಿಯಬೇಕು. ಅಡ್ಡಹೆಸರು ಎಂದರೆ ಮನೆತನದ ಹೆಸರು. ಪಾಟೀಲ, ಅಂಗಡಿ, ಬಡಿಗೇರ, ಹೂಗಾರ ಮುಂತಾದ ಅಡ್ಡಹೆಸರುಗಳು ಒಂದೊಂದು ಊರಿನಲ್ಲಿ ಹತ್ತಾರು ಮನೆಗಳಿಗೆ ಇರುತ್ತವೆ, ಮತ್ತು ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ಅಣ್ಣತಮ್ಮಂದಿರ ಮಕ್ಕಳಿಗೆ ಒಂದೇ ಹೆಸರು ಬರುವುದೂ ಉಂಟು. ಈ ಭಾಗದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಮೂರನ್ನೂ ಬರೆಯುವ ರೂಢಿಯಿರುವುದು ಇಂಥ ಗೊಂದಲಕ್ಕೆ ತಕ್ಕ ಪರಿಹಾರವೇ ಆಗಿದೆ. ಕೇಳುವವರು ಮಾಡುವ ತಪ್ಪೆಂದರೆ, ಮನೆಯಲ್ಲಿ ಕರೆಯುವ ಹೆಸರನ್ನೇ ಲಕೋಟೆಗೂ ಹಾಕಿ ಮಧ್ಯದ ಹೆಸರನ್ನು ಕೈಬಿಡುವುದು. ಊರಿಗೆಲ್ಲ ಒಂದು ಹೆಸರು, ಕಾಗದಪತ್ರಕ್ಕೆ ಇನ್ನೊಂದು ಹೆಸರು ಇರುವ ಹಿರಿಯರ ವಿಷಯದಲ್ಲಿ ಎರಡನ್ನೂ ಕೇಳಿಕೊಳ್ಳುವುದು ಕ್ಷೇಮ.

ಗುರುತು ಬೇಕಾಗುವುದು ಹೊರಗಿನವನಿಗೆ. ಹುಬ್ಬಳ್ಳಿಯಿಂದಲೋ ತಾಲೂಕಿನ ಪೇಟೆಯಿಂದಲೋ ಬರುವ ಕೊರಿಯರ್ ಹುಡುಗನಿಗೆ ಊರಿನ ಪರಿಚಯವಿರುವುದಿಲ್ಲ, ಮತ್ತು ಹಲವು ಖಾಸಗಿ ಕೊರಿಯರುಗಳು ತಾಲೂಕು ಕೇಂದ್ರದಿಂದ ಆಚೆಗೆ ಹೋಗದೆ, ಫೋನು ಮಾಡಿ ‘ಬಂದು ಒಯ್ರಿ’ ಎನ್ನುವುದು ರೂಢಿಯಾದ್ದರಿಂದ, ಅವರ ಮಟ್ಟಿಗೆ ಮನೆಯ ಗುರುತಿಗಿಂತ ಫೋನ್ ನಂಬರೇ ಮುಖ್ಯ. ಆ ನಂಬರು ಹಗಲಿನಲ್ಲಿ ಎತ್ತುವವರದಾಗಿರಬೇಕು. ಹೊಲದಲ್ಲಿ ಸುಗ್ಗಿಯ ಕೆಲಸದಲ್ಲಿರುವ ಯಜಮಾನರ ಮೊಬೈಲು ಬಹಳ ಹೊತ್ತು ಗೂಟಕ್ಕೆ ನೇತಾಡುವ ಅಂಗಿಯ ಕಿಸೆಯಲ್ಲಿಯೇ ಇರುತ್ತದೆ. ಬೈಕಿನ ಮೇಲೆ ಪತ್ರಿಕೆ ಹಂಚುತ್ತ ಒಂದೇ ದಿನ ಹತ್ತಾರು ಊರು ಸುತ್ತುವ ಬಂಧುಗಳಿಗಾದರೆ ಗುರುತು ನಿಜವಾಗಿ ಬೇಕು, ಏಕೆಂದರೆ ಅವರು ಊರಿನವರನ್ನು ಕೇಳಬಲ್ಲರಾದರೂ ಪ್ರತಿ ಊರಿನಲ್ಲಿಯೂ ಕೇಳುತ್ತ ನಿಂತರೆ, ಕೇಳಿದವರ ಮನೆಯಲ್ಲಿಯೂ ಚಹಾ ಕುಡಿಯಬೇಕಾಗಿ ಬಂದು ದಿನ ಮುಗಿದುಹೋಗುತ್ತದೆ.

ಒಳ್ಳೆಯ ಗುರುತಿಗೆ ಇರಬೇಕಾದ ಮೊದಲ ಗುಣವೆಂದರೆ ಅದು ಊರಿಗೆ ಒಂದೇ ಆಗಿರುವುದು. ಹನಮಪ್ಪನ ಗುಡಿ ಇಲ್ಲದ ಊರು ಈ ಸೀಮೆಯಲ್ಲಿ ಸಿಕ್ಕುವುದು ಕಷ್ಟ, ಎರಡು ಗುಡಿಗಳಿರುವ ಊರುಗಳೂ ಇವೆ. ಅದಕ್ಕಿಂತ ಕುಡಿಯುವ ನೀರಿನ ಟಾಕಿ, ಗ್ರಾಮ ಪಂಚಾಯತಿ ಕಚೇರಿ, ಸರ್ಕಾರಿ ಸಾಲಿ, ಸೊಸೈಟಿ, ಅಂದರೆ ಕೃಷಿ ಪತ್ತಿನ ಸಹಕಾರ ಸಂಘದ ಕಟ್ಟಡ, ಇವು ಹೆಚ್ಚು ಖಚಿತವಾದವು. ಎರಡನೆಯ ಗುಣವೆಂದರೆ ಅದು ಇನ್ನೂ ಅಲ್ಲಿರುವುದು. ಹಳ್ಳಿಯವರು ಗುರುತುಗಳನ್ನು ನೆನಪಿನಿಂದ ಹೇಳುತ್ತಾರೆ, ಆದ್ದರಿಂದ ನಿಂತುಹೋದ ಗಿರಣಿ, ಬಿದ್ದುಹೋದ ಗರಡಿಮನೆ, ಕಡಿದುಹಾಕಿದ ಬೇವಿನ ಮರ ಇವೆಲ್ಲ ಅವರ ಮಾತಿನಲ್ಲಿ ಜೀವಂತವಾಗಿರುತ್ತವೆ. ಮೂರನೆಯದು ದಿಕ್ಕು. ‘ಗುಡಿಯ ಎಡಕ್ಕೆ’ ಎಂದರೆ ಗುಡಿಗೆ ಮುಖ ಮಾಡಿ ನಿಂತವನ ಎಡವೋ, ಗುಡಿಗೆ ಬೆನ್ನು ಮಾಡಿದವನ ಎಡವೋ ತಿಳಿಯದು. ಈ ವಿಷಯದಲ್ಲಿ ಹಳ್ಳಿಯ ಕಾಗದಪತ್ರಗಳಲ್ಲಿಯೇ ಒಂದು ಸೊಗಸಾದ ಮಾದರಿಯಿದೆ. ಮನೆ ಅಥವಾ ಜಮೀನಿನ ಖರೀದಿಪತ್ರದಲ್ಲಿ ‘ಚಕ್ಕಬಂದಿ’ ಎಂಬ ಭಾಗವಿದ್ದು, ಅದರಲ್ಲಿ ಆಸ್ತಿಯ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಯಾರ ಮನೆ ಅಥವಾ ಯಾವ ರಸ್ತೆಯಿದೆ ಎಂದು ನಾಲ್ಕು ಎಲ್ಲೆಗಳನ್ನು ಹೇಳಿರುತ್ತಾರೆ. ನೆಲದ ಲೆಕ್ಕವನ್ನು ಹೀಗೆ ದಿಕ್ಕಿನಿಂದ ಹೇಳುವ ಅಭ್ಯಾಸವುಳ್ಳ ಹಿರಿಯರಿಗೆ ‘ಬಾಗಿಲು ಯಾವ ದಿಕ್ಕಿಗಿದೆ, ಎದುರಿಗೆ ಏನಿದೆ’ ಎಂದು ಕೇಳಿದರೆ ಮೂಡಲ, ಪಡುವಲ ಎಂದು ಅವರು ತಡವರಿಸದೆ ಹೇಳುತ್ತಾರೆ, ‘ಲ್ಯಾಂಡ್‌ಮಾರ್ಕ್ ಹೇಳ್ರಿ’ ಎಂದರೆ ಮತ್ತೆ ಹನಮಪ್ಪನ ಗುಡಿಗೇ ಬರುತ್ತಾರೆ.

ಓಣಿಯ ಹೆಸರನ್ನು ಬರೆಯುವಾಗ ಸ್ವಲ್ಪ ಸೂಕ್ಷ್ಮತೆ ಬೇಕು. ಮೇಲಿನ ಓಣಿ, ಕೆಳಗಿನ ಓಣಿ ಎಂಬ ಹೆಸರುಗಳಿರುವಂತೆ ಜಾತಿಯ ಹೆಸರಿನ ಓಣಿಗಳೂ ಇದ್ದು, ಮನೆಯವರೇ ಬಳಸದ ಅಂಥ ಹೆಸರನ್ನು ಹೊರಗಿನಿಂದ ಊಹಿಸಿ ಲಕೋಟೆಗೆ ಹಚ್ಚುವುದು ಸಲ್ಲದು. ಅವರು ಹೇಗೆ ಬರೆಯುತ್ತಾರೋ ಹಾಗೆಯೇ ಬರೆಯಬೇಕು.

ಇಷ್ಟನ್ನು ಮನಸ್ಸಿನಲ್ಲಿಟ್ಟು ಅಣ್ಣಿಗೇರಿಯ ಆ ಹುಡುಗನು ಸಂದೇಶವನ್ನು ಮತ್ತೆ ಬರೆದರೆ ಅದು ಈ ರೂಪ ತಾಳಬಹುದು:

‘ಮಾಮಾ, ಶರಣ್ರೀ. ನಾನು ಅಣ್ಣಿಗೇರಿಯಿಂದ ನಿಮ್ಮ ಅಕ್ಕನ ಸಣ್ಣ ಮಗ. ನಮ್ಮ ಅಕ್ಕನ ಲಗ್ನ ಗಟ್ಟಿ ಆಗೇತ್ರಿ. ಅಪ್ಪ ಅವ್ವ ನಿಮ್ಮನ್ನ ಕರಿಯಾಕ ಮನೀಗೇ ಬರ್ತಾರ, ಅದಕ್ಕಿಂತ ಮೊದಲ ಒಂದು ಪತ್ರಿಕಿ ನಿಮ್ಮ ಕೈ ಸೇರ್ಲಿ ಅಂತ ಟಪಾಲಿಗೆ ಹಾಕಾಕತ್ತೀವ್ರಿ. ಕಾಗದದಾಗ ನಿಮ್ಮ ಹೆಸರು, ಅಜ್ಜಾರ ಹೆಸರು, ಅಡ್ಡಹೆಸರು ಹೆಂಗ ಬರೀತೀರಿ? ಟಪಾಲು ನಿಮ್ಮೂರ ಪೋಸ್ಟಿಗೇ ಬರ್ತೈತೋ, ಬ್ಯಾರೆ ಊರಿಂದ ಬರ್ತೈತೋ? ಪಿನ್ ಎಷ್ಟ್ರಿ? ಬಾಗಲಾ ಯಾವ ದಿಕ್ಕಿಗೆ ಐತಿ, ಎದುರಿಗೆ ಏನೈತಿ? ಹಗಲೊತ್ತು ಮನ್ಯಾಗ ಇರೋರ ಫೋನ್ ನಂಬರ್ ಒಂದು ಕೊಡ್ರಿ. ಆಧಾರ್ ಕಾರ್ಡಿನ ಫೋಟೋ ಬ್ಯಾಡ್ರಿ. ಬರಿಯೂದು ತ್ರಾಸ ಆದ್ರ ಸಂಜೀಕ ನಾನಽ ಫೋನ್ ಹಚ್ಚಿ ಬರಕೋತೀನಿ.’

ಈ ಸಂದೇಶದ ಮೊದಲ ನಾಲ್ಕು ವಾಕ್ಯಗಳು ವಿಳಾಸಕ್ಕೆ ಸಂಬಂಧಿಸಿದವಲ್ಲವಾದರೂ ಅವನ್ನು ಬಿಡುವಂತಿಲ್ಲ. ಮನೆಗೇ ಬಂದು ಕರೆಯುತ್ತಾರೆ ಎಂಬ ಮಾತು ಮೊದಲೇ ಬಂದುದರಿಂದ ಕೇಳಿಕೆಯ ಮುಳ್ಳು ಮುರಿಯುತ್ತದೆ, ಅದು ನಿಜವಾಗಿರಬೇಕಷ್ಟೆ. ತಾನು ಯಾರೆಂದು ಹೇಳಿಕೊಳ್ಳುವುದು ಬರೀ ಮರ್ಯಾದೆಯಲ್ಲ, ಈಚಿನ ವರ್ಷಗಳಲ್ಲಿ ಲಗ್ನಪತ್ರಿಕೆಯ ಹೆಸರಿನಲ್ಲಿ .apk ಕಡತಗಳನ್ನು ಕಳುಹಿಸಿ ಮೊಬೈಲಿನೊಳಗೆ ಹೊಕ್ಕು ಹಣ ದೋಚುವ ವಂಚನೆ ದೇಶದಲ್ಲಿ ಹಬ್ಬಿರುವುದರಿಂದ, ಗೊತ್ತಿಲ್ಲದ ನಂಬರಿನಿಂದ ‘ಲಗ್ನ, ವಿಳಾಸ’ ಎಂದು ಬಂದ ಸಂದೇಶಕ್ಕೆ ಎಚ್ಚರವಿರುವ ಮನೆಯವರು ಉತ್ತರಿಸದೆ ಬಿಡುತ್ತಾರೆ. ಆಧಾರ್ ಫೋಟೋ ಬೇಡವೆಂದದ್ದಕ್ಕೂ ಕಾರಣವಿದೆ: ವಿಳಾಸ ಕೇಳಿದಾಗ ಅದನ್ನೇ ತೆಗೆದು ಕಳುಹಿಸುವುದು ಸುಲಭವಾದ್ದರಿಂದ ಹಲವರು ಹಾಗೆಯೇ ಮಾಡುತ್ತಾರೆ, ಆದರೆ ಅದರಲ್ಲಿ ಬೇಡದ ಗುಟ್ಟಿನ ಸಂಖ್ಯೆಯಿದ್ದು, ವಿಳಾಸ ಮಾತ್ರ ಮನೆ ಬದಲಿಸುವುದಕ್ಕೆ ಹಿಂದಿನದೋ ತಾಲೂಕು ಬದಲಾಗುವುದಕ್ಕೆ ಹಿಂದಿನದೋ ಆಗಿರಬಹುದು.

ಉತ್ತರವು ಒಂದೇ ಬಾರಿಗೆ ಪೂರ್ತಿಯಾಗಿ ಬರುವುದಿಲ್ಲ. ‘ಈ ಹೆಸರಿನವರು ನಮ್ಮೂರಾಗ ಮೂರು ಮಂದಿ ಅದೀವಿ, ಅಪ್ಪನ ಹೆಸರು ಬಿಡಬ್ಯಾಡ. ಪೋಸ್ಟ್ ನಮ್ಮೂರಾಗ ಐತಿ. ಮೂಡಲ ಬಾಗಲಾ, ಎದುರಿಗೆ ಹಿಟ್ಟಿನ ಗಿರಣಿ’ ಎಂದು ಮಾಮಾ ಹೇಳಿದರೆಂದುಕೊಂಡರೆ, ಕೇಳಬೇಕಾದ ಮರುಪ್ರಶ್ನೆ ‘ಗಿರಣಿ ಈಗ ನಡದೈತೇನ್ರಿ?’ ಎಂಬುದು. ‘ಬಂದಾಗಿ ಭಾಳ ವರ್ಷಾತು, ಆದ್ರ ಎಲ್ಲಾರೂ ಹಂಗಽ ಅಂತಾರ’ ಎಂಬ ಉತ್ತರ ಬಂದ ಕೂಡಲೇ ಆ ಗುರುತು ಊರಿನ ಅಂಚೆಯವನಿಗೆ ಸಲ್ಲುತ್ತದೆ, ಹೊರಗಿನವನಿಗೆ ಸಲ್ಲುವುದಿಲ್ಲ ಎಂಬುದು ತಿಳಿಯುತ್ತದೆ. ಅಪ್ಪ ಅವ್ವ ಬೈಕಿನ ಮೇಲೆ ಹೋಗುವಾಗ ನೋಡಿಕೊಳ್ಳಲು ನೀರಿನ ಟಾಕಿಯಂಥ ಇನ್ನೊಂದು ಗುರುತನ್ನು ಕೇಳಿಕೊಳ್ಳಬೇಕಾಗುತ್ತದೆ. ಲಕೋಟೆಯ ಮೇಲೆ ಕೊನೆಗೆ ಉಳಿಯುವುದು ಮೂರು ಭಾಗದ ಹೆಸರು, ಮು.ಪೋ. ಹಿರೇನರ್ತಿ, ತಾ. ಕುಂದಗೋಳ, ಜಿ. ಧಾರವಾಡ, ಅವರು ತಿಳಿಸಿದ ಆರು ಅಂಕಿ ಮತ್ತು ಫೋನ್ ನಂಬರು ಇಷ್ಟೇ. ಗಿರಣಿ, ಟಾಕಿ, ಮೂಡಲ ಬಾಗಿಲು ಇವೆಲ್ಲ ಮನೆಯ ಡೈರಿಯಲ್ಲಿ ಆ ಹೆಸರಿನ ಪಕ್ಕಕ್ಕೆ ಉಳಿಯುತ್ತವೆ.

ಇಷ್ಟೆಲ್ಲ ಏಕೆ, ಲೊಕೇಶನ್ ಕಳುಹಿಸಿದರೆ ಸಾಲದೇ ಎಂಬ ಪ್ರಶ್ನೆ ಏಳುವುದು ಸಹಜ. ವಾಟ್ಸಾಪಿನಲ್ಲಿ ಕಳುಹಿಸುವ ಲೊಕೇಶನ್ ಸಾಮಾನ್ಯವಾಗಿ ಮನೆಯನ್ನಲ್ಲ, ಆ ಕ್ಷಣದಲ್ಲಿ ಮೊಬೈಲು ಎಲ್ಲಿದೆಯೋ ಆ ಜಾಗವನ್ನು ತೋರಿಸುತ್ತದೆ. ಹೊಲದ ಬದುವಿನಲ್ಲಿ ನಿಂತು ಕಳುಹಿಸಿದರೆ ಕರೆಯಲು ಹೋದವರು ಹೊಲಕ್ಕೇ ಹೋಗುತ್ತಾರೆ, ಮಳೆಗಾಲದಲ್ಲಾದರೆ ಎರೆಮಣ್ಣಿನಲ್ಲಿ ಬೈಕು ಹೂತುಕೊಳ್ಳುತ್ತದೆ. ‘ಮನ್ಯಾಗ ನಿಂತು ಕಳಸ್ರಿ’ ಎಂಬ ಮೂರು ಮಾತು ಸೇರಿಸಿದರೆ ಈ ತೊಂದರೆ ತಪ್ಪುತ್ತದೆ. ಅಂಚೆ ಇಲಾಖೆಯು 2025ರಲ್ಲಿ ಹೊರತಂದ ‘ಡಿಜಿಪಿನ್’ ಇದೇ ಜಾತಿಯದು: ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳು ಸೇರಿದ ಹತ್ತು ಚಿಹ್ನೆಗಳ ಗುರುತನ್ನು ಕೊಡುವ ಏರ್ಪಾಡು ಇದಾಗಿದ್ದು, ಸ್ಥಳವನ್ನು ಹೇಳುತ್ತದೆಯೇ ವಿನಾ ಅಲ್ಲಿ ಯಾರಿದ್ದಾರೆಂದು ಹೇಳುವುದಿಲ್ಲ. ಅಣ್ಣತಮ್ಮಂದಿರು ಪಾಲಾಗಿ ನಡುಗೋಡೆ ಹಾಕಿಕೊಂಡಿರುವ ಒಂದು ಹಳೆಯ ಮನೆಯಲ್ಲಿ, ಒಂದೇ ಕಟ್ಟೆಯ ಮೇಲೆ ಎರಡು ಬಾಗಿಲುಗಳಿದ್ದು, ಒಬ್ಬರ ಪತ್ರಿಕೆ ಇನ್ನೊಬ್ಬರ ಕೈಗೆ ಹೋಗಿ ‘ನಮಗ ಕಾರ್ಡೇ ಬರಲಿಲ್ಲ’ ಎಂಬ ಮಾತು ಏಳುವ ಸಂದರ್ಭದಲ್ಲಿ ನಾಲ್ಕು ಮೀಟರಿನ ನಿಖರತೆಯೂ ಸಾಲದು. ಅಲ್ಲಿ ಎರಡು ಲಕೋಟೆಗಳೇ ಬೇಕು, ಮತ್ತು ಎರಡರ ಮೇಲೂ ತಂದೆಯ ಹೆಸರು ಒಂದೇ ಆಗಿರುವುದರಿಂದ ಸ್ವಂತ ಹೆಸರನ್ನು ಸಂಕ್ಷೇಪಿಸದೆ ಪೂರ್ತಿ ಬರೆಯಬೇಕು.